ಚಿತ್ರ ನೋಡಿ ಇಂಗ್ಲಿಷ್‌ನಲ್ಲಿ ಒಂದು ನಿಮಿಷ ಮಾತಾಡುವುದು ಹೇಗೆ? ‘ಏನು ಮಾಡುತ್ತಿದ್ದಾರೆ’, ‘ಎಲ್ಲಿದ್ದಾರೆ’ – ಎರಡನ್ನೂ ಸರಿಯಾಗಿ ಹೇಳುವ ಕ್ರಮ

ಒಂದು ಚಿತ್ರ ಕೊಟ್ಟು ‘ಇದರಲ್ಲಿ ಏನು ಕಾಣುತ್ತಿದೆ, ಹೇಳಿ’ ಎನ್ನುವ ಪ್ರಶ್ನೆ ಇಂಗ್ಲಿಷ್ ಮಾತಿನ ಪರೀಕ್ಷೆಗಳಲ್ಲಿ ಬೇರೆ ಬೇರೆ ರೂಪದಲ್ಲಿ ಬರುತ್ತದೆ. ಕೆನಡಾದ ಸೆಲ್ಪಿಪ್ ಪರೀಕ್ಷೆಯ ಮಾತಿನ ಭಾಗದಲ್ಲಿ ಇದು ಮೂರನೆಯ ಪ್ರಶ್ನೆ: ಯೋಚಿಸಲು 30 ಸೆಕೆಂಡ್, ಮಾತಾಡಲು 60 ಸೆಕೆಂಡ್. ಟೋಯಿಕ್‌ನಲ್ಲಿ ತಯಾರಿಗೆ 45, ಮಾತಿಗೆ 30. ಕೇಂಬ್ರಿಜ್‌ನ ಬಿ1 ಪ್ರಿಲಿಮಿನರಿಯಲ್ಲಿ ಒಂದು ಫೋಟೊ ಬಗ್ಗೆ ಸುಮಾರು ಒಂದು ನಿಮಿಷ ಮಾತಾಡಬೇಕು. ಸಮಯ ಹೆಚ್ಚುಕಡಿಮೆ ಇದ್ದರೂ ಬೇಕಾಗುವ ವ್ಯಾಕರಣ ಮಾತ್ರ ಎಲ್ಲ ಕಡೆ ಒಂದೇ. ಈ ಕ್ಷಣ ನಡೆಯುತ್ತಿರುವುದನ್ನು ಹೇಳುವ ಪ್ರೆಸೆಂಟ್ ಕಂಟಿನ್ಯುಯಸ್, ಅಂದರೆ ‘ಈಸ್’ ಅಥವಾ ‘ಆರ್’ ಜೊತೆಗೆ ‘ಇಂಗ್’ ಹಚ್ಚಿದ ಕ್ರಿಯಾಪದ. ಇನ್ನೊಂದು, ಯಾವುದು ಎಲ್ಲಿದೆ ಎಂದು ತೋರಿಸುವ ಪದಗುಚ್ಛಗಳು.

ಕನ್ನಡದವರು ಇಲ್ಲಿ ತಡವರಿಸುವುದು ಪದಗಳು ಗೊತ್ತಿಲ್ಲದೆ ಅಲ್ಲ. ಮ್ಯಾನ್, ಬೆಂಚ್, ಟ್ರೇನ್ ಯಾರಿಗೆ ಗೊತ್ತಿಲ್ಲ? ತೊಂದರೆ ಹುಟ್ಟುವುದು ಕನ್ನಡದ ಕ್ರಿಯಾಪದ ಮತ್ತು ‘-ಅಲ್ಲಿ’ ಪ್ರತ್ಯಯ ಮಾಡುವ ಕೆಲಸವನ್ನು ಇಂಗ್ಲಿಷ್ ಬೇರೆ ರೀತಿ ಹಂಚಿಕೊಂಡಿರುವುದರಿಂದ. ಈ ಬರಹದಲ್ಲಿ ಹೆಚ್ಚು ಜಾಗ ಅದಕ್ಕೇ. ಇದು ಬಾಯಿಯ ಅಭ್ಯಾಸವಾದ್ದರಿಂದ ಇಂಗ್ಲಿಷ್ ವಾಕ್ಯಗಳನ್ನೂ ಕನ್ನಡ ಲಿಪಿಯಲ್ಲೇ ಕೊಟ್ಟಿದೆ. ಗಟ್ಟಿಯಾಗಿ ಓದುತ್ತಾ ಹೋಗಿ.

ಎಂಥ ಚಿತ್ರ ಆರಿಸಬೇಕು

ಮೂರರಿಂದ ಆರು ಜನ ಇರಬೇಕು, ಅವರಲ್ಲಿ ಕನಿಷ್ಠ ಮೂವರು ಬೇರೆ ಬೇರೆ ಕೆಲಸ ಮಾಡುತ್ತಿರಬೇಕು. ಮುಂಭಾಗ ಮತ್ತು ಹಿನ್ನೆಲೆ ಎರಡೂ ಸ್ಪಷ್ಟವಾಗಿ ಕಾಣಬೇಕು. ಕ್ಯಾಮೆರಾ ನೋಡುತ್ತಾ ಸಾಲಾಗಿ ನಿಂತ ಗುಂಪಿನ ಫೋಟೊ ಬೇಡ, ಅಲ್ಲಿ ‘ದೇ ಆರ್ ಸ್ಟ್ಯಾಂಡಿಂಗ್’ ಎಂದ ಮೇಲೆ ಮಾತು ಮುಗಿಯುತ್ತದೆ. ಬರೀ ಬೆಟ್ಟ, ಸಮುದ್ರದ ಚಿತ್ರವೂ ಆರಂಭಕ್ಕೆ ಆಗದು. ಇಪ್ಪತ್ತು ಜನರ ಜಾತ್ರೆಯಂಥ ಚಿತ್ರದಲ್ಲಿ ಯಾರಿಂದ ಶುರುಮಾಡಬೇಕೆಂದು ಹುಡುಕುವುದರಲ್ಲೇ ಸಮಯ ಹೋಗುತ್ತದೆ.

ಇಲ್ಲಿ ಉದಾಹರಣೆಗೆ ಒಂದು ರೈಲ್ವೆ ಪ್ಲಾಟ್‌ಫಾರ್ಮ್ ಚಿತ್ರ ಇಟ್ಟುಕೊಳ್ಳೋಣ. ಎಡಗಡೆ ಒಂದು ಬೆಂಚು, ಅದರ ಮೇಲೆ ವಯಸ್ಸಾದ ಒಬ್ಬರು ಕೂತು ಪೇಪರ್ ಓದುತ್ತಿದ್ದಾರೆ. ಬೆಂಚಿನ ಪಕ್ಕದಲ್ಲಿ ಕಂದು ಬಣ್ಣದ ಸೂಟ್‌ಕೇಸ್, ಬೆಂಚಿನ ಕೆಳಗೆ ಮಲಗಿರುವ ಬೆಕ್ಕು. ನಡುವೆ ಹಳದಿ ಜಾಕೆಟ್ ಹಾಕಿಕೊಂಡ ಹೆಂಗಸು ಒಬ್ಬ ಪುಟ್ಟ ಹುಡುಗನ ಕೈ ಹಿಡಿದುಕೊಂಡಿದ್ದಾಳೆ, ಹುಡುಗ ರೈಲಿನ ಕಡೆ ಬೆರಳು ತೋರಿಸುತ್ತಿದ್ದಾನೆ. ಅವರ ತಲೆಯ ಮೇಲೆ ಚಾವಣಿಯಿಂದ ನೇತಾಡುವ ದುಂಡನೆಯ ಗಡಿಯಾರ. ಬಲಗಡೆ ಕಂಬಕ್ಕೆ ಒರಗಿ ಫೋನ್ ನೋಡುತ್ತಿರುವ ಯುವಕ. ಹಿಂದೆ ನಿಂತ ರೈಲು, ಅದರಿಂದ ಇಳಿಯುತ್ತಿರುವ ಕೆಲವರು.

ಮೊದಲು ಕ್ರಿಯಾಪದ: ‘ಓದುತ್ತಿದ್ದಾರೆ’ ಮತ್ತು ‘ಕೂತಿದ್ದಾರೆ’

‘ಓದುತ್ತಿದ್ದಾರೆ’, ‘ತೋರಿಸುತ್ತಿದ್ದಾನೆ’, ‘ಇಳಿಯುತ್ತಿದ್ದಾರೆ’. ಇವು ಸುಲಭ. ಕನ್ನಡದಲ್ಲಿ ‘-ಉತ್ತಿದ್ದ’ ಎಂದು ಬಂದದ್ದು ಇಂಗ್ಲಿಷ್‌ನಲ್ಲಿ ಸಾಮಾನ್ಯವಾಗಿ ನೇರವಾಗಿ ‘ಈಸ್ ರೀಡಿಂಗ್’, ‘ಈಸ್ ಪಾಯಿಂಟಿಂಗ್’, ‘ಆರ್ ಗೆಟ್ಟಿಂಗ್ ಆಫ್’ ಆಗುತ್ತದೆ.

ಎಡವುವುದು ಎರಡನೆಯ ಗುಂಪಿನಲ್ಲಿ. ಕೂತಿದ್ದಾರೆ, ನಿಂತಿದ್ದಾಳೆ, ಮಲಗಿದೆ, ಒರಗಿದ್ದಾನೆ, ಹಿಡಿದುಕೊಂಡಿದ್ದಾಳೆ, ಹಾಕಿಕೊಂಡಿದ್ದಾಳೆ – ಇವುಗಳಲ್ಲಿ ‘-ಉತ್ತ’ ಇಲ್ಲ. ಕೂರುವ ಕೆಲಸ ಮುಗಿದಿದೆ, ಆ ಭಂಗಿ ಮುಂದುವರಿದಿದೆ ಎಂಬುದನ್ನು ಕನ್ನಡ ‘ಕೂತು ಇದ್ದಾರೆ’ ಎಂದು ಹೇಳುತ್ತದೆ. ಇದನ್ನೇ ಇಂಗ್ಲಿಷ್‌ಗೆ ತಂದರೆ ‘ಹಿ ಹ್ಯಾಸ್ ಸ್ಯಾಟ್ ಆನ್ ದ ಬೆಂಚ್’, ‘ಶಿ ಹ್ಯಾಸ್ ವೋರ್ನ್ ಎ ಜಾಕೆಟ್’, ‘ಶಿ ವೋರ್ ಎ ಜಾಕೆಟ್’ ಎಂಬ ವಾಕ್ಯಗಳು ಬರುತ್ತವೆ. ಚಿತ್ರ ವಿವರಿಸುವಾಗ ಅವು ಸರಿಹೊಂದುವುದಿಲ್ಲ. ಕಣ್ಣಿಗೆ ಕಾಣುವ ಭಂಗಿ, ಹಿಡಿತ, ಉಡುಪು ಈ ಮೂರನ್ನೂ ಇಂಗ್ಲಿಷ್ ನಡೆಯುತ್ತಿರುವ ಕೆಲಸದಂತೆಯೇ ಕಾಣುತ್ತದೆ: ‘ಈಸ್ ಸಿಟ್ಟಿಂಗ್’, ‘ಈಸ್ ಸ್ಟ್ಯಾಂಡಿಂಗ್’, ‘ಈಸ್ ಲೈಯಿಂಗ್’, ‘ಈಸ್ ಲೀನಿಂಗ್’, ‘ಈಸ್ ಹೋಲ್ಡಿಂಗ್’, ‘ಈಸ್ ವೇರಿಂಗ್’. ಈ ಆರನ್ನು ಬಾಯಿಪಾಠ ಮಾಡಿಕೊಂಡರೆ ಯಾವ ಚಿತ್ರ ಬಂದರೂ ನಾಲ್ಕೈದು ವಾಕ್ಯ ಕೈಯಲ್ಲಿರುತ್ತವೆ.

ಹಾಗಾದರೆ ಒಬ್ಬರು ಈಗಷ್ಟೇ ಬಗ್ಗಿ ಕೂರುತ್ತಿದ್ದರೆ? ಅದಕ್ಕೆ ಇಂಗ್ಲಿಷ್ ಇನ್ನೊಂದು ತುಂಡು ಸೇರಿಸುತ್ತದೆ: ‘ಈಸ್ ಸಿಟ್ಟಿಂಗ್ ಡೌನ್’. ಹಾಗೆಯೇ ತೋಳು ತೂರಿಸುತ್ತಾ ಜಾಕೆಟ್ ಹಾಕಿಕೊಳ್ಳುತ್ತಿದ್ದರೆ ‘ಈಸ್ ಪುಟ್ಟಿಂಗ್ ಆನ್ ಎ ಜಾಕೆಟ್’, ಆಗಲೇ ಹಾಕಿಕೊಂಡಿದ್ದರೆ ‘ಈಸ್ ವೇರಿಂಗ್’. ಹಳದಿ ಜಾಕೆಟ್‌ನ ಹೆಂಗಸನ್ನು ‘ಪುಟ್ಟಿಂಗ್ ಆನ್’ ಎಂದರೆ ಕೇಳುವವರ ಮನಸ್ಸಿನಲ್ಲಿ ಆಕೆ ಹುಡುಗನ ಕೈ ಬಿಟ್ಟು ತೋಳು ತೂರಿಸುತ್ತಿದ್ದಾಳೆ! ಅನುಮಾನ ಬಂದಾಗ ಕೇಳಿಕೊಳ್ಳಬೇಕಾದ್ದು ಇಷ್ಟೇ: ಇದರ ಮುಂದಿನ ಸೆಕೆಂಡಿನ ಚಿತ್ರ ತೆಗೆದರೆ ಅದು ಬೇರೆ ಕಾಣುತ್ತದೆಯೇ? ಕೂರುತ್ತಿರುವವರು ಮುಂದಿನ ಸೆಕೆಂಡಿನಲ್ಲಿ ಕೂತುಬಿಟ್ಟಿರುತ್ತಾರೆ. ಕೂತಿರುವವರು ಹಾಗೇ ಇರುತ್ತಾರೆ.

ಮೂರನೆಯ ಗುಂಪು ವಸ್ತುಗಳದು: ‘ಸೂಟ್‌ಕೇಸ್ ಇದೆ’, ‘ಇಟ್ಟಿದ್ದಾರೆ’. ಇಲ್ಲಿ ‘ಸೂಟ್‌ಕೇಸ್ ಈಸ್ ಕೆಪ್ಟ್’ ಎನ್ನುವುದು ನಮ್ಮಲ್ಲಿ ತುಂಬ ಕೇಳಿಬರುತ್ತದೆ. ಅದರ ಬದಲು ‘ದೇರ್ ಈಸ್ ಎ ಸೂಟ್‌ಕೇಸ್ ನೆಕ್ಸ್ಟ್ ಟು ದ ಬೆಂಚ್’ ಎಂದರೆ ಸಾಕು. ವಸ್ತುವಿಗೂ ‘ಇಂಗ್’ ಬರುವ ಕೆಲವು ಸಂದರ್ಭಗಳಿವೆ, ಗಡಿಯಾರ ‘ಈಸ್ ಹ್ಯಾಂಗಿಂಗ್’ ಎನ್ನುವ ಹಾಗೆ. ಆದರೆ ‘ಇದೆ’ ಎಂದು ಕನ್ನಡದಲ್ಲಿ ಹೊಳೆದ ಕಡೆಯೆಲ್ಲ ‘ದೇರ್ ಈಸ್’ ಹಾಕಿಕೊಂಡರೆ ತಪ್ಪಾಗುವುದು ಕಡಿಮೆ.

‘ದೇರ್ ಈಸ್’ ತನ್ನ ಜೊತೆ ಒಂದು ತಪ್ಪನ್ನೂ ಕರೆತರುತ್ತದೆ: ‘ದೇರ್ ಈಸ್ ಎ ಮ್ಯಾನ್ ಈಸ್ ರೀಡಿಂಗ್ ಎ ನ್ಯೂಸ್‌ಪೇಪರ್’. ಒಂದು ವಾಕ್ಯಕ್ಕೆ ಎರಡು ‘ಈಸ್’ ಆಯಿತು. ‘ದೇರ್ ಈಸ್ ಎ ಮ್ಯಾನ್ ರೀಡಿಂಗ್ ಎ ನ್ಯೂಸ್‌ಪೇಪರ್’ ಎನ್ನಿ, ಇಲ್ಲವೇ ‘ಎ ಮ್ಯಾನ್ ಈಸ್ ರೀಡಿಂಗ್ ಎ ನ್ಯೂಸ್‌ಪೇಪರ್’ ಎನ್ನಿ. ಎರಡೂ ಸರಿ, ಬೆರೆಸಿದರೆ ತಪ್ಪು. ಇದಕ್ಕೆ ಉಲ್ಟಾ ಆಗುವುದೂ ಉಂಟು. ಕನ್ನಡದಲ್ಲಿ ‘ಓದುತ್ತಿದ್ದಾನೆ’ ಎಂಬ ಒಂದೇ ಪದದೊಳಗೆ ಕಾಲ, ಲಿಂಗ, ವಚನ ಎಲ್ಲ ಇರುವುದರಿಂದ ಇಂಗ್ಲಿಷ್‌ನಲ್ಲೂ ‘ರೀಡಿಂಗ್’ ಒಂದರಲ್ಲೇ ಎಲ್ಲ ಬಂತು ಅನ್ನಿಸಿ ‘ಎ ಮ್ಯಾನ್ ರೀಡಿಂಗ್ ನ್ಯೂಸ್‌ಪೇಪರ್’ ಎಂದು ‘ಈಸ್’ ಬಿಟ್ಟುಹೋಗುತ್ತದೆ. ವೇಗ ಹೆಚ್ಚಿದಂತೆ ಈ ತಪ್ಪು ಹೆಚ್ಚುತ್ತದೆ. ಪರಿಹಾರ ಉಸಿರಿನಲ್ಲಿದೆ: ‘ಮ್ಯಾನ್’ ಆದ ಮೇಲೆ ನಿಲ್ಲಬೇಡಿ. ‘ಮ್ಯಾನಿಸ್’ ಎಂದು ಒಂದೇ ಉಸಿರಿಗೆ ಕೂಡಿಸಿ ಹೇಳಿ, ಆಮೇಲೆ ಬೇಕಾದರೆ ಕ್ರಿಯಾಪದಕ್ಕಾಗಿ ಯೋಚಿಸಿ. ‘ಎ ಮ್ಯಾನಿಸ್... ರೀಡಿಂಗ್’, ‘ದ ಬಾಯೀಸ್... ಪಾಯಿಂಟಿಂಗ್’. ಯೋಚನೆಯ ವಿರಾಮ ‘ಈಸ್’ ಆದ ಮೇಲೆ ಬಂದರೆ ‘ಈಸ್’ ಬಿಟ್ಟುಹೋಗುವ ಸಾಧ್ಯತೆಯೇ ಇರುವುದಿಲ್ಲ.

ಇನ್ನು ‘ಇಂಗ್’ ಬೇಡವಾದ ಜಾಗ. ಗಡ್ಡ ಇದೆ ಎನ್ನಲು ‘ಹಿ ಈಸ್ ಹ್ಯಾವಿಂಗ್ ಎ ಬಿಯರ್ಡ್’ ಅಲ್ಲ, ‘ಹಿ ಹ್ಯಾಸ್ ಎ ಬಿಯರ್ಡ್’. ದಣಿದಂತೆ ಕಾಣುತ್ತಾರೆ ಎನ್ನಲು ‘ಹಿ ಲುಕ್ಸ್ ಟೈರ್ಡ್’. ಇರುವುದು, ಕಾಣುವುದು, ಅನ್ನಿಸುವುದು ಕೆಲಸಗಳಲ್ಲ, ಸ್ಥಿತಿಗಳು. ಆದರೆ ‘ಲುಕಿಂಗ್ ಅಟ್ ಹಿಸ್ ಫೋನ್’ ಕೆಲಸವೇ, ಕಣ್ಣು ಅಲ್ಲಿ ನೆಟ್ಟಿದೆ. ಈ ‘ಅಟ್’ ಬಿಟ್ಟು ‘ಲುಕಿಂಗ್ ಹಿಸ್ ಫೋನ್’ ಎನ್ನುವವರು ಬಹಳ.

ಎಲ್ಲಿ: ಚೌಕಟ್ಟಿನ ಜಾಗ ಬೇರೆ, ವಸ್ತುವಿನ ಜಾಗ ಬೇರೆ

‘ಎಲ್ಲಿ’ ಎಂಬುದಕ್ಕೆ ಚಿತ್ರದಲ್ಲಿ ಎರಡು ಉತ್ತರಗಳಿರುತ್ತವೆ. ಒಂದು, ಚಿತ್ರದ ಚೌಕಟ್ಟಿನಲ್ಲಿ ಎಲ್ಲಿ: ಎಡಕ್ಕೆ, ನಡುವೆ, ಹಿನ್ನೆಲೆಯಲ್ಲಿ. ಇನ್ನೊಂದು, ಬೇರೆ ವಸ್ತುವಿನಿಂದ ನೋಡಿದರೆ ಎಲ್ಲಿ: ಬೆಂಚಿನ ಕೆಳಗೆ, ಕಂಬಕ್ಕೆ ಒರಗಿ. ಮೊದಲನೆಯದು ವಾಕ್ಯದ ತಲೆಯಲ್ಲಿ ಬಂದರೆ ಕೇಳುವವರ ಕಣ್ಣು ಆ ಕಡೆ ತಿರುಗುತ್ತದೆ, ಎರಡನೆಯದು ವಾಕ್ಯದ ಕೊನೆಗೆ ಬರಲಿ. ‘ಆನ್ ದ ಲೆಫ್ಟ್, ಆ್ಯನ್ ಓಲ್ಡ್ ಮ್ಯಾನ್ ಈಸ್ ಸಿಟ್ಟಿಂಗ್ ಆನ್ ಎ ಬೆಂಚ್.’ ತಲೆಗೆ ಒಂದು, ಬಾಲಕ್ಕೆ ಒಂದು, ನಡುವೆ ಕ್ರಿಯಾಪದ. ಈ ಒಂದು ಅಚ್ಚು ಕೈವಶವಾದರೆ ಮುಕ್ಕಾಲು ಪಾಲು ಕೆಲಸ ಆದಂತೆ.

ಚೌಕಟ್ಟಿನ ಜಾಗಗಳಿಗೆ ಕನ್ನಡದಲ್ಲಿ ‘-ಅಲ್ಲಿ’ ಒಂದೇ ಸಾಕು: ಎಡಭಾಗದಲ್ಲಿ, ಮಧ್ಯದಲ್ಲಿ, ಮೇಲ್ಭಾಗದಲ್ಲಿ, ಮೂಲೆಯಲ್ಲಿ. ಇಂಗ್ಲಿಷ್ ಇವನ್ನು ಮೂರಾಗಿ ಒಡೆಯುತ್ತದೆ. ಎಡ, ಬಲಕ್ಕೆ ‘ಆನ್’: ಆನ್ ದ ಲೆಫ್ಟ್, ಆನ್ ದ ರೈಟ್. ಮೇಲ್ತುದಿ, ಕೆಳತುದಿಗೆ ‘ಅಟ್’: ಅಟ್ ದ ಟಾಪ್, ಅಟ್ ದ ಬಾಟಮ್. ನಡು, ಮೂಲೆ, ಮುಂಭಾಗ, ಹಿನ್ನೆಲೆಗೆ ‘ಇನ್’: ಇನ್ ದ ಮಿಡಲ್, ಇನ್ ದ ಟಾಪ್ ರೈಟ್ ಕಾರ್ನರ್, ಇನ್ ದ ಫೋರ್‌ಗ್ರೌಂಡ್, ಇನ್ ದ ಬ್ಯಾಕ್‌ಗ್ರೌಂಡ್. ಇದಕ್ಕೆ ತರ್ಕ ಹುಡುಕುತ್ತಾ ಕೂರುವುದಕ್ಕಿಂತ ಇಡೀ ಗುಚ್ಛವನ್ನೇ ಒಂದು ಪದದಂತೆ ನಾಲಿಗೆಗೆ ಹತ್ತಿಸುವುದು ಒಳ್ಳೆಯದು. ಎಡ ಎಂದರೆ ನೋಡುವವರ ಎಡ, ಚಿತ್ರದೊಳಗಿನ ವ್ಯಕ್ತಿಯ ಎಡಗೈ ಕಡೆಯಲ್ಲ. ‘ಆನ್ ಹಿಸ್ ಲೆಫ್ಟ್’ ಎಂದರೆ ಅರ್ಥ ತಿರುಗುಮುರುಗಾಗಬಹುದು, ಆದ್ದರಿಂದ ಅದನ್ನು ಬಿಟ್ಟು ‘ನೆಕ್ಸ್ಟ್ ಟು ಹಿಮ್’ ಬಳಸಿ.

ವಸ್ತುವಿನಿಂದ ವಸ್ತುವಿಗೆ ಜಾಗ ಹೇಳುವಾಗ ಪದಗಳ ಕ್ರಮವೇ ತಿರುಗುತ್ತದೆ. ನಾವು ‘ಬೆಂಚಿನ ಪಕ್ಕದಲ್ಲಿ’ ಎಂದು ಬೆಂಚನ್ನು ಮೊದಲು ಹೇಳುತ್ತೇವೆ, ಇಂಗ್ಲಿಷ್‌ನಲ್ಲಿ ‘ನೆಕ್ಸ್ಟ್ ಟು ದ ಬೆಂಚ್’. ಬೆಂಚನ್ನು ಮೊದಲು ನೆನೆದವರ ಬಾಯಲ್ಲಿ ‘ಬೆಂಚ್ ಸೈಡ್’, ‘ಪಿಲ್ಲರ್ ಬ್ಯಾಕ್ ಸೈಡ್’ ಬಂದುಬಿಡುತ್ತದೆ. ‘ಬ್ಯಾಕ್ ಸೈಡ್’ ಎಂದು ಬಾಯಿಗೆ ಬಂದಾಗಲೆಲ್ಲ ನುಂಗಿಕೊಂಡು ‘ಬಿಹೈಂಡ್’ ಎನ್ನಿ.

ಹೆಚ್ಚು ಗೊಂದಲ ಮಾಡುವುದು ‘ಮೇಲೆ’. ಬೆಂಚಿನ ಮೇಲೆ ಮುದುಕರು, ತಲೆಯ ಮೇಲೆ ಗಡಿಯಾರ – ಕನ್ನಡಕ್ಕೆ ಎರಡೂ ಮೇಲೆಯೇ. ಇಂಗ್ಲಿಷ್‌ನಲ್ಲಿ ತಾಗಿದ್ದರೆ ‘ಆನ್’, ನಡುವೆ ಖಾಲಿ ಜಾಗ ಇದ್ದರೆ ‘ಅಬೌವ್’. ‘ದ ಕ್ಲಾಕ್ ಈಸ್ ಆನ್ ದ ವುಮನ್’ ಎಂದರೆ ಗಡಿಯಾರ ಆಕೆಯ ಮೈಮೇಲೆ ಕೂತಿದೆ ಎಂದಾಯಿತು. ಗೋಡೆಗೆ ಹಾಕಿದ ಗಡಿಯಾರವಾದರೆ ‘ಆನ್ ದ ವಾಲ್’. ಗೋಡೆಯ ಮೇಲ್ಮೈಗೆ ತಾಗಿದೆಯಲ್ಲ. ಒರಗಿದ್ದಕ್ಕೆ ಮಾತ್ರ ‘ಅಗೆನ್ಸ್ಟ್’: ‘ಲೀನಿಂಗ್ ಅಗೆನ್ಸ್ಟ್ ಎ ಪಿಲ್ಲರ್’. ಈ ಒಂದು ಗುಚ್ಛ ಸರಿಯಾಗಿ ಬಂದರೆ ಮಾತಿಗೆ ತಟ್ಟನೆ ಬೇರೆಯೇ ತೂಕ ಬರುತ್ತದೆ.

‘ಹತ್ತಿರ’ ಮತ್ತು ‘ಪಕ್ಕ’ ನಮಗೆ ಬೇರೆ ಬೇರೆಯೇ, ಆದರೂ ಇಂಗ್ಲಿಷ್ ಮಾತಾಡುವಾಗ ಎರಡಕ್ಕೂ ‘ನಿಯರ್’ ಬಳಸಿಬಿಡುತ್ತೇವೆ. ನಡುವೆ ಬೇರೇನೂ ಇಲ್ಲದೆ ಒತ್ತಿನಲ್ಲಿದ್ದರೆ ‘ನೆಕ್ಸ್ಟ್ ಟು’ ಅಥವಾ ‘ಬಿಸೈಡ್’. ‘ಬಿಸೈಡ್ಸ್’ ಎಂದು ಕೊನೆಗೆ ‘ಸ್’ ಸೇರಿತೋ, ಅರ್ಥ ‘ಅದಲ್ಲದೆ’ ಎಂದಾಗುತ್ತದೆ. ‘ಮುಂದೆ’ ಮತ್ತು ‘ಎದುರು’ ಇನ್ನೊಂದು ಜೋಡಿ: ರೈಲಿನ ಮುಂದೆ ನಿಂತವರು ‘ಇನ್ ಫ್ರಂಟ್ ಆಫ್ ದ ಟ್ರೇನ್’; ಮೇಜಿನ ಆಚೆ ಈಚೆ ಮುಖಾಮುಖಿ ಕೂತವರು ‘ಆಪೊಸಿಟ್ ಈಚ್ ಅದರ್’.

ಅರವತ್ತು ಸೆಕೆಂಡ್ ಕಟ್ಟುವುದು

ಯೋಚಿಸಲು ಸಿಗುವ 30 ಸೆಕೆಂಡಿನಲ್ಲಿ ವಾಕ್ಯ ಬರೆಯಲು ಹೋಗಬೇಡಿ. ಮೊದಲ ಐದು ಸೆಕೆಂಡಿನಲ್ಲಿ ಜಾಗ ಯಾವುದೆಂದು ಗುರುತಿಸಿ. ಉಳಿದದ್ದರಲ್ಲಿ ಚಿತ್ರವನ್ನು ಮನಸ್ಸಿನಲ್ಲೇ ಎಡ, ನಡು, ಬಲ, ಹಿನ್ನೆಲೆ ಎಂದು ನಾಲ್ಕು ತುಂಡು ಮಾಡಿ, ಒಂದೊಂದಕ್ಕೆ ಒಂದು ಕ್ರಿಯಾಪದ ಹಿಡಿಯಿರಿ. ಕಾಗದ ಸಿಕ್ಕರೆ ‘ಸಿಟ್ಟಿಂಗ್, ಹೋಲ್ಡಿಂಗ್, ಲೀನಿಂಗ್, ಗೆಟ್ಟಿಂಗ್ ಆಫ್’ ಎಂದು ನಾಲ್ಕೇ ಪದ ಬರೆದುಕೊಳ್ಳಿ. ನಾಮಪದ ಬರೆಯುವುದು ದಂಡ. ಅವು ಚಿತ್ರದಲ್ಲೇ ಕಣ್ಣೆದುರು ಇವೆ, ಕ್ರಿಯಾಪದವೇ ಕೈಕೊಡುವುದು.

ಈ ಚಿತ್ರಕ್ಕೆ ಒಂದು ಪೂರ್ತಿ ಉತ್ತರ ಹೀಗಿರಬಹುದು:

‘ದಿಸ್ ಪಿಕ್ಚರ್ ಶೋಸ್ ಎ ರೈಲ್ವೆ ಪ್ಲಾಟ್‌ಫಾರ್ಮ್. ಆನ್ ದ ಲೆಫ್ಟ್, ಆ್ಯನ್ ಓಲ್ಡ್ ಮ್ಯಾನ್ ಈಸ್ ಸಿಟ್ಟಿಂಗ್ ಆನ್ ಎ ಬೆಂಚ್ ಆ್ಯಂಡ್ ರೀಡಿಂಗ್ ಎ ನ್ಯೂಸ್‌ಪೇಪರ್. ದೇರ್ ಈಸ್ ಎ ಬ್ರೌನ್ ಸೂಟ್‌ಕೇಸ್ ನೆಕ್ಸ್ಟ್ ಟು ದ ಬೆಂಚ್, ಆ್ಯಂಡ್ ಎ ಕ್ಯಾಟ್ ಈಸ್ ಸ್ಲೀಪಿಂಗ್ ಅಂಡರ್ ದ ಬೆಂಚ್. ಇನ್ ದ ಮಿಡಲ್, ಎ ವುಮನ್ ಇನ್ ಎ ಯೆಲ್ಲೊ ಜಾಕೆಟ್ ಈಸ್ ಹೋಲ್ಡಿಂಗ್ ಎ ಸ್ಮಾಲ್ ಬಾಯ್ಸ್ ಹ್ಯಾಂಡ್. ದ ಬಾಯ್ ಈಸ್ ಪಾಯಿಂಟಿಂಗ್ ಅಟ್ ಎ ಟ್ರೇನ್. ಎ ರೌಂಡ್ ಕ್ಲಾಕ್ ಈಸ್ ಹ್ಯಾಂಗಿಂಗ್ ಅಬೌವ್ ದೆಮ್. ಆನ್ ದ ರೈಟ್, ಎ ಯಂಗ್ ಮ್ಯಾನ್ ಈಸ್ ಲೀನಿಂಗ್ ಅಗೆನ್ಸ್ಟ್ ಎ ಪಿಲ್ಲರ್ ಆ್ಯಂಡ್ ಲುಕಿಂಗ್ ಅಟ್ ಹಿಸ್ ಫೋನ್. ಇನ್ ದ ಬ್ಯಾಕ್‌ಗ್ರೌಂಡ್, ಸಮ್ ಪೀಪಲ್ ಆರ್ ಗೆಟ್ಟಿಂಗ್ ಆಫ್ ದ ಟ್ರೇನ್. ದ ವುಮನ್ ಮೈಟ್ ಬಿ ವೇಟಿಂಗ್ ಫಾರ್ ಸಮ್‌ವನ್.’

ಒಂಬತ್ತು ವಾಕ್ಯ, ಹತ್ತಿರ ಹತ್ತಿರ 100 ಪದ. ಅವಸರವಿಲ್ಲದೆ ಹೇಳಿದರೆ ಒಂದು ನಿಮಿಷಕ್ಕೆ ಸರಿಹೋಗುತ್ತದೆ. ಮೂವತ್ತೇ ಸೆಕೆಂಡ್ ಇದ್ದರೆ ಸೂಟ್‌ಕೇಸ್, ಬೆಕ್ಕು, ಗಡಿಯಾರ, ಕೊನೆಯ ಊಹೆ ಇವನ್ನು ಬಿಟ್ಟು ಜನರನ್ನಷ್ಟೇ ಉಳಿಸಿಕೊಳ್ಳಿ.

ಕೆಲವು ಆಯ್ಕೆಗಳನ್ನು ಹತ್ತಿರದಿಂದ ನೋಡಿ. ಮುದುಕರಿಗೆ ‘ಸಿಟ್ಟಿಂಗ್’, ‘ರೀಡಿಂಗ್’ ಎರಡಕ್ಕೂ ಒಂದೇ ‘ಈಸ್’. ‘ಆ್ಯಂಡ್’ ಹಾಕಿ ಕೂಡಿಸಿದಾಗ ಎರಡನೆಯದು ಬೇಕಿಲ್ಲ. ಹೆಂಗಸಿನ ಉಡುಪನ್ನು ‘ಇನ್ ಎ ಯೆಲ್ಲೊ ಜಾಕೆಟ್’ ಎಂದು ಚಿಕ್ಕದಾಗಿ ಹೇಳಿದ್ದರಿಂದ ‘ವೇರಿಂಗ್’ಗೆ ಇನ್ನೊಂದು ವಾಕ್ಯ ಖರ್ಚಾಗಲಿಲ್ಲ. ಬೆಕ್ಕು ‘ಅಂಡರ್ ಇಟ್’ ಎಂದಿದ್ದರೆ ಸೂಟ್‌ಕೇಸ್‌ನ ಕೆಳಗೋ ಬೆಂಚಿನ ಕೆಳಗೋ ತಿಳಿಯುತ್ತಿರಲಿಲ್ಲ, ಅದಕ್ಕೇ ‘ದ ಬೆಂಚ್’ ಎರಡು ಸಲ ಬಂದಿದೆ. ಮೊದಲ ಸಲ ‘ಎ ಬೆಂಚ್’, ‘ಎ ಟ್ರೇನ್’. ಎರಡನೆಯ ಸಲಕ್ಕೆ ‘ದ’ ಆಗಿದೆ. ‘ಪೀಪಲ್’ ಬಹುವಚನ, ಆದ್ದರಿಂದ ‘ಆರ್’. ಕೊನೆಯದನ್ನು ‘ಶಿ ಈಸ್ ವೇಟಿಂಗ್’ ಎಂದು ಖಡಾಖಂಡಿತ ಹೇಳಿಲ್ಲ, ಯಾಕೆಂದರೆ ಕಾಯುವುದು ಚಿತ್ರದಲ್ಲಿ ಕಾಣುವುದಿಲ್ಲ, ಅದು ನಮ್ಮ ಊಹೆ. ಊಹೆಗೆ ‘ಮೈಟ್ ಬಿ’ ಹಾಕಿ, ‘ಇಂಗ್’ ಹಾಗೇ ಇರಲಿ.

ಅಭ್ಯಾಸ ಹೇಗೆ, ಸರಿಯಾಯಿತೆಂದು ತಿಳಿಯುವುದು ಹೇಗೆ

ಒಂದೇ ಚಿತ್ರವನ್ನು ಕನಿಷ್ಠ ಮೂರು ಸಲ ಮಾತಾಡಿ ರೆಕಾರ್ಡ್ ಮಾಡಬೇಕು. ದಿನಕ್ಕೊಂದು ಹೊಸ ಚಿತ್ರ ಹಿಡಿಯುವವರು ಅದೇ ತಪ್ಪುಗಳನ್ನು ಹೊಸ ಚಿತ್ರದ ಮೇಲೆ ಮಾಡುತ್ತಾ ಹೋಗುತ್ತಾರೆ. ಮೊದಲ ರೆಕಾರ್ಡಿಂಗ್ ಕೇಳುವಾಗ ಬೇರೆ ಯಾವುದಕ್ಕೂ ಕಿವಿಗೊಡಬೇಡಿ, ಪ್ರತಿ ‘ಇಂಗ್’ ಬಂದಾಗ ಅದರ ಹಿಂದೆ ‘ಈಸ್’ ಅಥವಾ ‘ಆರ್’ ಇದೆಯೇ ಎಂದಷ್ಟೇ ನೋಡಿ. ‘ಆ್ಯಂಡ್’ ಹಾಕಿ ಕೂಡಿಸಿದ್ದನ್ನೂ ‘ಮೈಟ್ ಬಿ’ ಇರುವುದನ್ನೂ ಬಿಟ್ಟು, ಇಲ್ಲದ ಕಡೆ ಬೆರಳು ಮಡಚಿ. ಎಣಿಕೆ ಸೊನ್ನೆಗೆ ಇಳಿದ ಮೇಲೆ ಎರಡನೆಯ ಸುತ್ತಿನಲ್ಲಿ ಜಾಗದ ಗುಚ್ಛಗಳಿಗೆ ಬನ್ನಿ. ಇಡೀ ಮಾತಿನಲ್ಲಿ ‘ನಿಯರ್’ ಮೂರು ಸಲ ಬಂದಿದ್ದರೆ ಎರಡನ್ನಾದರೂ ನಿಖರವಾದ ಪದಕ್ಕೆ ಬದಲಿಸಿ. ಮೂರನೆಯ ಸಲ ಚಿತ್ರ ಮಾತ್ರ ಎದುರಿಗಿರಲಿ, ಚೀಟಿ ಬೇಡ.

ಜೊತೆಗಾರರಿದ್ದರೆ ಇದಕ್ಕಿಂತ ಕಟುವಾದ ಪರೀಕ್ಷೆಯೊಂದಿದೆ. ಚಿತ್ರ ನಿಮ್ಮ ಕೈಯಲ್ಲಿ, ಪೆನ್ಸಿಲ್ ಮತ್ತು ಕಾಗದ ಅವರ ಕೈಯಲ್ಲಿ. ನೀವು ಇಂಗ್ಲಿಷ್‌ನಲ್ಲಿ ಹೇಳುತ್ತೀರಿ, ಅವರು ಕೇಳಿದ್ದನ್ನಷ್ಟೇ ಗೀಚುತ್ತಾರೆ. ಕೈಸನ್ನೆ ಮಾಡುವಂತಿಲ್ಲ, ಕನ್ನಡ ಆಡುವಂತಿಲ್ಲ. ಚಿತ್ರಕಲೆ ಬರಬೇಕೆಂದೇನಿಲ್ಲ, ಕಡ್ಡಿಗೊಂಬೆಗಳು ಸಾಕು. ಐದು ನಿಮಿಷದ ನಂತರ ಎರಡನ್ನೂ ಪಕ್ಕಪಕ್ಕ ಇಡಿ. ಗಡಿಯಾರ ಹೆಂಗಸಿನ ತಲೆಗೆ ಅಂಟಿದ್ದರೆ ನೀವು ‘ಆನ್’ ಎಂದಿದ್ದೀರಿ. ಯುವಕ ಕಂಬದಿಂದ ದೂರ ನಿಂತಿದ್ದರೆ ನಿಮ್ಮ ಬಾಯಲ್ಲಿ ಬಂದದ್ದು ‘ನಿಯರ್ ದ ಪಿಲ್ಲರ್’. ಬೆಂಚು ಬಲಕ್ಕೆ ಹೋಗಿದ್ದರೆ ಎಡ ಯಾರ ಎಡ ಎಂಬುದು ಕೈತಪ್ಪಿದೆ. ವ್ಯಾಕರಣ ಪುಸ್ತಕ ತೋರಿಸದ ತಪ್ಪುಗಳು ಇಲ್ಲಿ ಕಣ್ಣಿಗೆ ಹೊಡೆಯುತ್ತವೆ. ಆದರೆ ‘ಈಸ್’ ಬಿಟ್ಟುಹೋದದ್ದು ಮಾತ್ರ ಈ ಆಟದಲ್ಲಿ ಸಿಕ್ಕಿಬೀಳುವುದಿಲ್ಲ, ಏಕೆಂದರೆ ‘ಮ್ಯಾನ್ ರೀಡಿಂಗ್’ ಎಂದರೂ ಜೊತೆಗಾರರು ಓದುವ ಮನುಷ್ಯನನ್ನೇ ಬರೆಯುತ್ತಾರೆ. ಅದಕ್ಕೆ ರೆಕಾರ್ಡಿಂಗೇ ಬೇಕು.

ಈ ಅಭ್ಯಾಸ ಮೂರ್ನಾಲ್ಕು ವಾರ ನಡೆದ ಮೇಲೆ ಒಂದು ಅಡ್ಡಪರಿಣಾಮ ಕಾಣಿಸಿಕೊಳ್ಳಬಹುದು: ಎಲ್ಲ ಮಾತಿನಲ್ಲೂ ‘ಇಂಗ್’ ನುಗ್ಗುತ್ತದೆ. ‘ದಿನಾ ಆರಕ್ಕೆ ಏಳುತ್ತೇನೆ’ ಎನ್ನಲು ‘ಐ ಆ್ಯಮ್ ಗೆಟ್ಟಿಂಗ್ ಅಪ್ ಅಟ್ ಸಿಕ್ಸ್ ಎವ್ರಿ ಡೇ’ ಎಂದು ಬರತೊಡಗುತ್ತದೆ. ಹಾಗಾದಾಗ ಚಿತ್ರ ಮುಗಿದ ಕೂಡಲೇ ಅದೇ ಜನರ ದಿನಚರಿಯನ್ನು ಎರಡು ವಾಕ್ಯದಲ್ಲಿ ಊಹಿಸಿ ಹೇಳಿ: ‘ದ ಓಲ್ಡ್ ಮ್ಯಾನ್ ಈಸ್ ರೀಡಿಂಗ್ ಎ ನ್ಯೂಸ್‌ಪೇಪರ್. ಹಿ ರೀಡ್ಸ್ ಇಟ್ ಎವ್ರಿ ಮಾರ್ನಿಂಗ್.’ ಚಿತ್ರದಲ್ಲಿ ಕಾಣುವುದಕ್ಕೆ ‘ಇಂಗ್’, ಚಿತ್ರದ ಹೊರಗಿನ ರೂಢಿಗೆ ‘ರೀಡ್ಸ್’. ಎರಡನ್ನೂ ಬೆನ್ನಿಗೆ ಬೆನ್ನು ಹೇಳುತ್ತಾ ಹೋದರೆ ಒಂದು ಇನ್ನೊಂದರ ಜಾಗಕ್ಕೆ ನುಗ್ಗುವುದು ನಿಲ್ಲುತ್ತದೆ.